ಯಾವ ಕರ್ಣ ಎಳೆಯಬೇಕು? ಫೋಟೋದಲ್ಲಿ ಬಂದ ರೇಖಾಗಣಿತದ ಲೆಕ್ಕಕ್ಕೆ ಸಾಧನೆ ಬರೆಯುವ ಬಗೆ

ಜುಲೈ ತಿಂಗಳಲ್ಲಿ ಭಾಗಮಂಡಲ–ನಾಪೋಕ್ಲು ರಸ್ತೆಯ ಮೇಲೆ ಕಾವೇರಿ ಹರಿಯತೊಡಗಿದರೆ ಮಕ್ಕಳಿಗೆ ರಜೆ, ನನ್ನ ಮೊಬೈಲಿಗೆ ಕೆಲಸ. ಆ ಕಡೆಯಿಂದ ಮಡಿಕೇರಿಗೆ ಪಾಠಕ್ಕೆ ಬರುವವರು ಮನೆಯಲ್ಲೇ ಕುಳಿತು, ಕರೆಂಟು ಮತ್ತು ಸಿಗ್ನಲ್ ಎರಡೂ ಒಟ್ಟಿಗೆ ಇರುವ ಹತ್ತು ನಿಮಿಷ ಹಿಡಿದು, ಪುಸ್ತಕದ ಪುಟದ ಫೋಟೋ ತೆಗೆದು ಕಳುಹಿಸುತ್ತಾರೆ. ಹೆಚ್ಚಿನವು ಒಂದೇ ಬಗೆಯವು: ಒಂದು ಚಿತ್ರ, ಅದರಲ್ಲಿ ಕೆಲವು ಬಾಹುಗಳಿಗೆ ಅಡ್ಡಗೆರೆ, ಕೆಲವು ಕೋನಗಳಿಗೆ ಕಮಾನು, ಕೆಳಗೆ ‘ಇಂಥದ್ದನ್ನು ಸಾಧಿಸಿ’ ಎಂಬ ಒಂದು ಸಾಲು. ಹೋದ ಮಳೆಗಾಲದಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕಳುಹಿಸಿದ ಅಂಥ ಒಂದು ಲೆಕ್ಕವನ್ನು ಇಲ್ಲಿ ಪೂರ್ತಿಯಾಗಿ ಬಿಡಿಸುತ್ತೇನೆ. ಚಿಕ್ಕ ಲೆಕ್ಕವೇ. ಆದರೆ ಇದರಲ್ಲಿ ಎಡವದ ವಿದ್ಯಾರ್ಥಿಯನ್ನು ನಾನು ನೋಡಿದ್ದು ಕಡಿಮೆ.

ಚಿತ್ರ ಹೀಗಿತ್ತು. ABCD ಒಂದು ಚತುರ್ಭುಜ. A ಮೇಲೆ, C ಕೆಳಗೆ, B ಎಡಕ್ಕೆ, D ಬಲಕ್ಕೆ. AB ಮತ್ತು AD ಬಾಹುಗಳ ಮೇಲೆ ಒಂದೊಂದು ಅಡ್ಡಗೆರೆ. B ಮತ್ತು D ಶೃಂಗಗಳಲ್ಲಿ ಒಂದೊಂದು ಕಮಾನು. CB = CD ಎಂದು ಸಾಧಿಸಬೇಕು. ಅದರ ಜೊತೆಗೇ ಒಂದು ಸಂದೇಶ: “ಟೀಚರ್, ಲೆಕ್ಕವೇ ತಪ್ಪಾಗಿರಬೇಕು. ಅಣ್ಣ ಮೊಬೈಲ್ ಮೇಲೆ ಕೋನಮಾಪಕ ಇಟ್ಟು ಅಳೆದ. B ಯಲ್ಲಿ 97 ಡಿಗ್ರಿ, D ಯಲ್ಲಿ 91 ಡಿಗ್ರಿ ಬರುತ್ತಿದೆ.”

ಫೋಟೋ ಏನನ್ನು ಉಳಿಸುತ್ತದೆ, ಏನನ್ನು ಕೆಡಿಸುತ್ತದೆ

ಅಣ್ಣ ಅಳೆದದ್ದು ಸರಿಯಾಗಿಯೇ ಇತ್ತು. ಅಳೆದ ವಸ್ತು ಸರಿಯಿರಲಿಲ್ಲ. ಮೊಬೈಲನ್ನು ಪುಟಕ್ಕೆ ಸಮಾಂತರವಾಗಿ ಹಿಡಿಯದೆ ಸ್ವಲ್ಪ ಓರೆಯಾಗಿ ಹಿಡಿದರೂ ಕ್ಯಾಮೆರಾಕ್ಕೆ ಹತ್ತಿರವಿರುವ ಭಾಗ ದೊಡ್ಡದಾಗಿ, ದೂರದ ಭಾಗ ಚಿಕ್ಕದಾಗಿ ಬೀಳುತ್ತದೆ. ಆಯತಾಕಾರದ ಪುಟವೇ ಫೋಟೋದಲ್ಲಿ ತ್ರಾಪಿಜ್ಯದಂತೆ ಕಾಣುವುದು ಇದರಿಂದಲೇ. ಹಾಗಾಗಿ ಫೋಟೋದಲ್ಲಿ ಸಮ ಬಾಹುಗಳು ಸಮವಾಗಿ ಕಾಣಬೇಕಾಗಿಲ್ಲ, ಸಮ ಕೋನಗಳೂ ಅಷ್ಟೇ, ಸಮಾಂತರ ಗೆರೆಗಳೂ ಅಷ್ಟೇ. ಸ್ಕ್ಯಾನ್ ಮಾಡುವ ಆ್ಯಪ್‌ಗಳು ಪುಟವನ್ನು ಎಳೆದು ನೇರ ಮಾಡುತ್ತವೆ ನಿಜ, ಆದರೆ ಪುಟದ ಅಂಚನ್ನು ಅವು ತಪ್ಪಾಗಿ ಗುರುತಿಸಿದರೆ ಚಿತ್ರ ಮತ್ತೊಂದು ಬಗೆಯಲ್ಲಿ ಹಿಗ್ಗುತ್ತದೆ. ಅದು ಸಾಲದೆಂಬಂತೆ, ಪುಸ್ತಕದಲ್ಲಿಯೇ ಚಿತ್ರವನ್ನು ಅಳತೆಗೆ ಸರಿಯಾಗಿ ಬರೆದಿರಬೇಕೆಂಬ ನಿಯಮವೂ ಇಲ್ಲ.

ಓರೆಯಾದ ಫೋಟೋದಲ್ಲೂ ಕೆಡದೆ ಉಳಿಯುವ ಸಂಗತಿಗಳಿವೆ. ನೇರ ಗೆರೆ ನೇರವಾಗಿಯೇ ಇರುತ್ತದೆ. ಒಂದು ಗೆರೆಯ ಮೇಲಿರುವ ಬಿಂದು ಆ ಗೆರೆಯ ಮೇಲೆಯೇ ಇರುತ್ತದೆ. ಎರಡು ಗೆರೆಗಳು ಚಿತ್ರದೊಳಗೆ ಕತ್ತರಿಸಿದ್ದರೆ ಫೋಟೋದಲ್ಲೂ ಕತ್ತರಿಸುತ್ತವೆ, ಗೆರೆಯ ಮೇಲಿನ ಬಿಂದುಗಳ ಅನುಕ್ರಮ ಬದಲಾಗುವುದಿಲ್ಲ. ಆದ್ದರಿಂದ ಫೋಟೋದಿಂದ ‘ಯಾವುದು ಯಾವುದರ ಮೇಲಿದೆ, ಯಾವುದು ಯಾವುದರ ನಡುವೆ ಇದೆ’ ಎಂಬುದನ್ನು ಓದಿಕೊಳ್ಳಬಹುದು. ‘ಯಾವುದು ಎಷ್ಟಿದೆ’ ಎಂಬುದನ್ನು ಓದಬಾರದು. ಇದಕ್ಕೆ ಒಂದು ಅಪವಾದವಿದೆ: ದಪ್ಪ ಪುಸ್ತಕದ ನಡುಹೊಲಿಗೆಯ ಹತ್ತಿರ ಪುಟವೇ ಬಾಗಿರುತ್ತದೆ. ಅಲ್ಲಿ ನೇರ ಗೆರೆಯೂ ಬಾಗಿ ಬರುತ್ತದೆ, ಒಂದೇ ಗೆರೆಯ ಮೇಲಿನ ಮೂರು ಬಿಂದುಗಳು ಮೂರು ದಿಕ್ಕಿಗೆ ಹೋದಂತೆ ಕಾಣಬಹುದು. ನಮ್ಮ ಲೆಕ್ಕದಲ್ಲಿ ಈ ಸಂಗತಿ ಮುಂದೆ ಬೆಲೆಬಾಳುತ್ತದೆ, ನೆನಪಿರಲಿ.

ಫೋಟೋ ತೆಗೆಯುವವರಿಗೆ ಒಂದು ಮಾತು. ಚಿತ್ರವನ್ನಷ್ಟೇ ಕತ್ತರಿಸಿ ಕಳುಹಿಸಬೇಡಿ, ಮೇಲಿನ ವಾಕ್ಯವೂ ಬರಲಿ. ‘BCD ಒಂದು ಸರಳರೇಖೆ’ ಎಂಬಂಥ ಷರತ್ತು ಚಿತ್ರದಲ್ಲಿ ಇರುವುದಿಲ್ಲ, ವಾಕ್ಯದಲ್ಲಿ ಇರುತ್ತದೆ.

ಗುರುತುಗಳನ್ನು ಸಮೀಕರಣಕ್ಕೆ ಇಳಿಸುವುದು

ಫೋಟೋ ನೋಡಿ ನೇರವಾಗಿ ಸಾಧನೆ ಬರೆಯಲು ಕುಳಿತುಕೊಳ್ಳಬಾರದು. ಮೊದಲು ಒಂದು ಕಾಗದದ ಮೇಲೆ ಚಿತ್ರವನ್ನು ಕೈಯಿಂದ ಮತ್ತೆ ಬರೆಯಬೇಕು, ಅದೂ ಬೇಕೆಂದೇ ಸ್ವಲ್ಪ ಸೊಟ್ಟಗೆ. ಎಡಬಲ ಒಂದೇ ಥರ ಇರುವ ಅಂದದ ಚಿತ್ರ ಬರೆದರೆ ಕಣ್ಣು ಇಲ್ಲದ ಸಂಗತಿಗಳನ್ನು ಇದೆಯೆಂದು ಒಪ್ಪಿಕೊಂಡುಬಿಡುತ್ತದೆ. ನಾನು AB ಯನ್ನು AD ಗಿಂತ ಕೊಂಚ ಉದ್ದವಾಗಿಯೇ ಎಳೆದು, ಮೇಲೆ ಅಡ್ಡಗೆರೆ ಹಾಕುತ್ತೇನೆ. ಸಮ ಎಂದು ಹೇಳುವುದು ಅಡ್ಡಗೆರೆ, ಉದ್ದವಲ್ಲ.

ಬಳಿಕ ಒಂದೊಂದು ಗುರುತಿಗೆ ಒಂದೊಂದು ಸಮೀಕರಣ. ಒಂಟಿ ಗೆರೆ ಇರುವ ಬಾಹುಗಳು ಪರಸ್ಪರ ಸಮ. ಜೋಡಿ ಗೆರೆ ಇರುವವು ಬೇರೆ ಗುಂಪು. ಕಮಾನಿನ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು: ಕಮಾನು ಯಾವ ಗೆರೆಯಿಂದ ಹೊರಟು ಯಾವ ಗೆರೆಗೆ ಮುಟ್ಟುತ್ತದೆ ಎಂದು ಫೋಟೋವನ್ನು ಹಿಗ್ಗಿಸಿ ನೋಡಬೇಕು. ಒಂದು ಶೃಂಗದಿಂದ ಮೂರು ಗೆರೆಗಳು ಹೊರಟಿದ್ದರೆ ‘∠B’ ಎಂದು ಬರೆಯುವುದೇ ತಪ್ಪು. ಮೂರು ಅಕ್ಷರ ಬಳಸಲೇಬೇಕು. ನಮ್ಮ ಹುಡುಗಿಯ ಚಿತ್ರದಲ್ಲಿ B ಯ ಕಮಾನು BA ಯಿಂದ BC ವರೆಗೆ ಇತ್ತು. ಆದ್ದರಿಂದ:

AB = AD
∠ABC = ∠ADC

ಇಷ್ಟೇ ದತ್ತ. ಎರಡೇ ಸಾಲು. ಇದರ ಕೆಳಗೆ, ಕೊಟ್ಟಿಲ್ಲದ್ದನ್ನೂ ಒಂದು ಸಾಲಿನಲ್ಲಿ ಬರೆದುಕೊಳ್ಳಿ ಎನ್ನುತ್ತೇನೆ ನಾನು: AC ಎಂಬ ಕರ್ಣ A ಯ ಕೋನವನ್ನು ಅರ್ಧಿಸುತ್ತದೆ ಎಂದು ಯಾರೂ ಹೇಳಿಲ್ಲ, ಕರ್ಣಗಳು ಲಂಬವಾಗಿವೆ ಎಂದೂ ಹೇಳಿಲ್ಲ. ಚಿತ್ರ ನೋಡಿದರೆ ಎರಡೂ ನಿಜವೆನಿಸುತ್ತವೆ, ಕೊನೆಗೆ ಎರಡೂ ನಿಜವೇ ಆಗುತ್ತವೆ. ಆದರೆ ಅವು ಫಲಿತಾಂಶದಿಂದ ಹುಟ್ಟುವ ಸಂಗತಿಗಳು. ಸಾಧನೆಯ ನಡುವೆ ಅವನ್ನು ತಂದರೆ, ಸಾಧಿಸಬೇಕಾದುದನ್ನೇ ಸದ್ದಿಲ್ಲದೆ ದತ್ತದೊಳಗೆ ಸೇರಿಸಿದಂತೆ.

ಹುಡುಗಿಯ ಮೊದಲ ಸಾಧನೆ

ಅಳತೆಯ ಗೊಂದಲ ತೀರಿದ ಮೇಲೆ ಅರ್ಧ ಗಂಟೆಯಲ್ಲಿ ಅವಳ ಉತ್ತರ ಬಂತು. AC ಸೇರಿಸಿದ್ದಳು. ‘ABC ಮತ್ತು ADC ತ್ರಿಭುಜಗಳಲ್ಲಿ AB = AD, AC ಉಭಯಸಾಮಾನ್ಯ, ∠ABC = ∠ADC. ಆದ್ದರಿಂದ ತ್ರಿಭುಜಗಳು ಸರ್ವಸಮ, ಆದ್ದರಿಂದ CB = CD.’ ಸಾಲು ಚೊಕ್ಕ, ಅಕ್ಷರ ಮುದ್ದು, ಸಾಧನೆ ತಪ್ಪು.

ಎರಡು ಬಾಹು, ಒಂದು ಕೋನ ಸಮವಾಗಿವೆ ಎಂಬುದೇನೋ ಸರಿ. ಆದರೆ ಬಾ.ಕೋ.ಬಾ. ನಿಯಮದಲ್ಲಿ ಕೋನ ಆ ಎರಡು ಬಾಹುಗಳ ನಡುವೆ ಇರಬೇಕು. AB ಮತ್ತು AC ಗಳ ನಡುವಿನ ಕೋನ A ಯಲ್ಲಿದೆ. ನಮಗೆ ಗೊತ್ತಿರುವುದು B ಯಲ್ಲಿರುವುದು. ಇದು ಬಾಹು–ಬಾಹು–ಕೋನ, ಅಂಥ ಸರ್ವಸಮತೆಯ ನಿಯಮವೇ ಇಲ್ಲ.

‘ನಿಯಮ ಇಲ್ಲ’ ಎಂದಷ್ಟೇ ಹೇಳಿದರೆ ಮಕ್ಕಳಿಗೆ ಅದು ಶಾಲೆಯ ಶಿಸ್ತಿನಂತೆ ಕೇಳುತ್ತದೆ. ಏಕೆ ಇಲ್ಲ ಎಂಬುದನ್ನು ಮೆಣಸಿನ ತೋಟದ ಏಣಿಯಲ್ಲಿ ತೋರಿಸಬಹುದು. ಸಮತಟ್ಟಾದ ನೆಲ ಇದೆಯೆಂದಿಟ್ಟುಕೊಳ್ಳಿ (ಕೊಡಗಿನಲ್ಲಿ ಇದು ದೊಡ್ಡ ಊಹೆ). 15 ಅಡಿಯ ಬಿದಿರೇಣಿಯನ್ನು ಸಿಲ್ವರ್ ಓಕ್ ಮರಕ್ಕೆ ಒರಗಿಸಿದ್ದೀರಿ. ಏಣಿಯ ಬುಡ B, ತುದಿ A. ತುದಿ ನೆಲದಿಂದ 12 ಅಡಿ ಎತ್ತರದಲ್ಲಿದೆ, ಬುಡ ಮರದಿಂದ 9 ಅಡಿ ದೂರದಲ್ಲಿದೆ. ಏಣಿಯ ತುದಿಗೆ 13 ಅಡಿಯ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ನೆಲಕ್ಕೆ ಬಿಗಿಯಾಗಿ ಮುಟ್ಟಿಸಬೇಕು. ಎಲ್ಲಿ ಮುಟ್ಟುತ್ತದೆ? ಪೈಥಾಗೊರಸ್ ಲೆಕ್ಕದಂತೆ ಮರದ ಬುಡದಿಂದ 5 ಅಡಿ ದೂರದಲ್ಲಿ. ಆದರೆ ಯಾವ ಕಡೆಗೆ? ಏಣಿಯ ಕಡೆಗೂ ಆಗಬಹುದು, ಮರದ ಆಚೆಗೂ ಆಗಬಹುದು. ಒಂದು ಸಲ ಅದು ಏಣಿಯ ಬುಡದಿಂದ 4 ಅಡಿ, ಇನ್ನೊಂದು ಸಲ 14 ಅಡಿ. ಏಣಿ ಅದೇ, ಹಗ್ಗ ಅದೇ, B ಯಲ್ಲಿನ ಕೋನ ಅದೇ. ಸಿಕ್ಕಿದ್ದು ಮಾತ್ರ ಎರಡು ಬೇರೆ ಬೇರೆ ತ್ರಿಭುಜ: 15, 13, 4 ಒಂದು, 15, 13, 14 ಇನ್ನೊಂದು.

ಈಗ ಇದೇ ಏಣಿಯನ್ನು ನಮ್ಮ ಲೆಕ್ಕಕ್ಕೆ ತನ್ನಿ. ಮರದ ಆಚೆ ಬದಿಗೂ ಅಷ್ಟೇ ಉದ್ದದ ಇನ್ನೊಂದು ಏಣಿಯನ್ನು ಅಷ್ಟೇ ಎತ್ತರಕ್ಕೆ ಒರಗಿಸಿ, ಅದರ ಬುಡ D ಆಗಲಿ. B ಯಿಂದ D ಗೆ 18 ಅಡಿ. ಹಗ್ಗದ ತುದಿ C ನೆಲವನ್ನು B ಯಿಂದ 4 ಅಡಿಯಲ್ಲಿ ಮುಟ್ಟಲಿ. ಆಗ ಅದು D ಯಿಂದ 14 ಅಡಿಯಲ್ಲಿದೆ. AB = AD ಇದೆ, AC ಉಭಯಸಾಮಾನ್ಯ, B ಮತ್ತು D ಯಲ್ಲಿನ ಕೋನಗಳು ಸಮ. ಹುಡುಗಿ ಬರೆದ ಮೂರೂ ಸಾಲು ಇಲ್ಲಿ ಅಕ್ಷರಶಃ ನಿಜ. ಆದರೆ CB 4 ಅಡಿ, CD 14 ಅಡಿ. ಅವಳ ಸಾಧನೆ ಸರಿಯಾಗಿದ್ದರೆ ನಾಲ್ಕೂ ಹದಿನಾಲ್ಕೂ ಒಂದೇ ಆಗಬೇಕಿತ್ತು.

ಹಾಗಾದರೆ AC ಎಳೆಯುವ ಯೋಚನೆ ಅವಳಿಗೆ ಬಂದದ್ದಾದರೂ ಎಲ್ಲಿಂದ? ಕೇಳಿದೆ. “ಸ್ಪರ್ಶಕದ ಪ್ರಮೇಯದಲ್ಲಿ ಹಾಗೆಯೇ ಮಾಡಿದ್ದೆವಲ್ಲ ಟೀಚರ್” ಎಂದಳು. ನಿಜ, ಅದು ಇದೇ ಚಿತ್ರ. ವೃತ್ತದ ಕೇಂದ್ರ A, ತ್ರಿಜ್ಯಗಳು AB ಮತ್ತು AD, ಹೊರಗಿನ ಬಿಂದು C. ಸ್ಪರ್ಶಕಗಳು CB ಮತ್ತು CD ಸಮ ಎಂದು ತೋರಿಸಲು AC ಯನ್ನೇ ಸೇರಿಸುತ್ತೇವೆ. ಅಲ್ಲಿ B ಮತ್ತು D ಯ ಕೋನಗಳು 90 ಡಿಗ್ರಿ. ಲಂಬಕೋನ–ವಿಕರ್ಣ–ಬಾಹು ಎಂಬ ಪ್ರತ್ಯೇಕ ನಿಯಮ ಕೈಹಿಡಿಯುತ್ತದೆ. ಏಣಿಯ ಭಾಷೆಯಲ್ಲಿ ಹೇಳುವುದಾದರೆ, ಏಣಿ ನೆಟ್ಟಗೆ ನಿಂತಿದೆ. ಹಗ್ಗ ಅದರ ಎಡಕ್ಕೆ ಬಿದ್ದರೂ ಬಲಕ್ಕೆ ಬಿದ್ದರೂ ಬುಡದಿಂದ ಒಂದೇ ದೂರ. ಹಾಗಾಗಿ ಫೋಟೋದಲ್ಲಿ B ಯ ಬಳಿ ಇರುವುದು ಪುಟ್ಟ ಚೌಕವೋ ಕಮಾನೋ ಎಂದು ನೋಡುವುದು ಮುಖ್ಯ. ಚೌಕವಾಗಿದ್ದರೆ ಅವಳ ಸಾಧನೆಗೆ ಪೂರ್ಣ ಅಂಕ. ಕಮಾನಾದ್ದರಿಂದ ಅದು ನಿಲ್ಲುವುದಿಲ್ಲ.

ಹಿಂದಿನಿಂದ ಯೋಚಿಸಿದರೆ

ಸಾಧನೀಯದಿಂದ ಹಿಂದಕ್ಕೆ ಬನ್ನಿ. ಎರಡು ಬಾಹುಗಳು ಸಮ ಎಂದು ತೋರಿಸಲು ಈ ತರಗತಿಯ ಮಟ್ಟದಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು, ಅವು ಎರಡು ಸರ್ವಸಮ ತ್ರಿಭುಜಗಳ ಅನುರೂಪ ಬಾಹುಗಳಾಗಿರಬೇಕು. ಇನ್ನೊಂದು, ಎರಡೂ ಒಂದೇ ತ್ರಿಭುಜದಲ್ಲಿದ್ದು ಅವುಗಳ ಎದುರಿನ ಕೋನಗಳು ಸಮವಾಗಿರಬೇಕು. ಮಕ್ಕಳು ಮೊದಲನೆಯದಕ್ಕೆ ಓಡುತ್ತಾರೆ, ಎರಡನೆಯದು ಮನಸ್ಸಿಗೇ ಬರುವುದಿಲ್ಲ. ಸಾಧಿಸಬೇಕಾದ ಎರಡು ಬಾಹುಗಳು ಒಂದೇ ಬಿಂದುವಿನಿಂದ ಹೊರಟಿದ್ದರೆ (ಇಲ್ಲಿ C) ಎರಡನೆಯ ದಾರಿಯನ್ನೇ ಮೊದಲು ನೋಡಬೇಕು ಎಂಬುದು ನನ್ನ ಅಭ್ಯಾಸ.

CB ಮತ್ತು CD ಒಂದೇ ತ್ರಿಭುಜದ ಬಾಹುಗಳಾಗಬೇಕಾದರೆ ಮೂರನೆಯ ಬಾಹು BD ಬೇಕು. ಆಗ ತೋರಿಸಬೇಕಾದದ್ದು ∠CBD = ∠CDB. ಅದೇ BD ಗೆರೆ ಮೇಲ್ಗಡೆ ABD ಎಂಬ ಇನ್ನೊಂದು ತ್ರಿಭುಜವನ್ನೂ ಮಾಡುತ್ತದೆ, ಅದರಲ್ಲಿ AB = AD ಇದ್ದೇ ಇದೆ. ಎರಡೂ ದತ್ತಗಳು ಈಗ ಒಂದೇ ಗೆರೆಯ ಎರಡು ಬದಿಯಲ್ಲಿ ಬಂದು ಕೂರುತ್ತವೆ. AC ಎಳೆದಾಗ ಸಮ ಬಾಹುಗಳು ಬೇರೆ ಬೇರೆ ತ್ರಿಭುಜಗಳಿಗೆ ಹಂಚಿಹೋಗಿದ್ದವು. BD ಎಳೆದಾಗ ಒಟ್ಟಿಗೆ ಉಳಿದವು.

ಉತ್ತರಪತ್ರಿಕೆಯಲ್ಲಿ ಬರೆಯಬೇಕಾದದ್ದು ಇಷ್ಟು:

ದತ್ತ: ABCD ಚತುರ್ಭುಜದಲ್ಲಿ AB = AD, ∠ABC = ∠ADC.
ಸಾಧನೀಯ: CB = CD.
ರಚನೆ: BD ಸೇರಿಸಿದೆ.
ಸಾಧನೆ:
ABD ತ್ರಿಭುಜದಲ್ಲಿ AB = AD (ದತ್ತ).
∴ ∠ABD = ∠ADB (ಸಮ ಬಾಹುಗಳ ಎದುರಿನ ಕೋನಗಳು) … (1)
∠ABC = ∠ADC (ದತ್ತ) … (2)
(2) ರಿಂದ (1) ನ್ನು ಕಳೆದರೆ ∠ABC − ∠ABD = ∠ADC − ∠ADB.
∴ ∠CBD = ∠CDB.
CBD ತ್ರಿಭುಜದಲ್ಲಿ ಸಮ ಕೋನಗಳ ಎದುರಿನ ಬಾಹುಗಳು ಸಮ.
∴ CB = CD.

ಇಲ್ಲಿ ಸಮದ್ವಿಬಾಹು ತ್ರಿಭುಜದ ಪ್ರಮೇಯ ಒಮ್ಮೆ, ಅದರ ವಿಲೋಮ ಒಮ್ಮೆ ಬಂದಿವೆ. ಎರಡಕ್ಕೂ ‘ಸಮದ್ವಿಬಾಹು ತ್ರಿಭುಜ’ ಎಂದು ಒಂದೇ ಕಾರಣ ಬರೆಯುವವರಿದ್ದಾರೆ. ಕೊನೆಯ ಸಾಲಿನಲ್ಲಿ ಹಾಗೆ ಬರೆದರೆ CBD ಸಮದ್ವಿಬಾಹು ಎಂದು ಮೊದಲೇ ಒಪ್ಪಿಕೊಂಡಂತಾಗುತ್ತದೆ. ಬಾಹುವಿನಿಂದ ಕೋನಕ್ಕೆ ಹೋದೆವೋ, ಕೋನದಿಂದ ಬಾಹುವಿಗೆ ಬಂದೆವೋ ಎಂಬುದು ಆವರಣದ ಮಾತಿನಲ್ಲಿ ಕಾಣಬೇಕು.

ಬರೆದ ಮೇಲೆ ಒಡೆದು ನೋಡುವುದು

ಸಾಧನೆ ಸರಿಯಿದೆಯೇ ಎಂದು ತಿಳಿಯಲು ನಾನು ಮಾಡುವ ಮೊದಲ ಪರೀಕ್ಷೆ, ದತ್ತದ ಪ್ರತಿಯೊಂದು ಸಾಲೂ ಎಲ್ಲಿ ಬಳಕೆಯಾಯಿತು ಎಂದು ಬೆರಳಿಟ್ಟು ನೋಡುವುದು. AB = AD (1) ರಲ್ಲಿ ಬಂತು, ಕೋನಗಳು (2) ರಲ್ಲಿ ಬಂದವು. ಒಂದೇ ಒಂದು ದತ್ತ ಬಳಕೆಯಾಗದೆ ಉಳಿದಿದ್ದರೂ, ಎಲ್ಲೋ ಚಿತ್ರವನ್ನು ನೋಡಿ ಏನನ್ನೋ ಕದ್ದಿದ್ದೇವೆ ಎಂದು ಅನುಮಾನಿಸಬೇಕು.

ಎರಡನೆಯ ಪರೀಕ್ಷೆ, ಏಣಿಯ ಉದಾಹರಣೆಯನ್ನು ಹೊಸ ಸಾಧನೆಗೆ ಹಾಕಿ ನೋಡುವುದು. ಅಲ್ಲಿ ದತ್ತ ಎಲ್ಲವೂ ನಿಜವಾಗಿದ್ದು ಫಲಿತಾಂಶ ಸುಳ್ಳಾಗಿತ್ತಲ್ಲ, ಹಾಗಾದರೆ ಈ ಸಾಧನೆಯೂ ಅಲ್ಲಿ ಎಲ್ಲಾದರೂ ಮುರಿಯಲೇಬೇಕು. ಮುರಿಯುತ್ತದೆ: C ಎಂಬುದು BD ಯ ಮೇಲೆಯೇ ಇದ್ದಾಗ ∠ABC ಮತ್ತು ∠ABD ಒಂದೇ ಕೋನ. ಕಳೆದರೆ ಉಳಿಯುವುದು 0 = 0, CBD ಎಂಬ ತ್ರಿಭುಜವೇ ಇಲ್ಲ, ಕೊನೆಯ ಸಾಲನ್ನು ಬರೆಯುವಂತಿಲ್ಲ. ಅಂದರೆ ‘ABCD ಒಂದು ಚತುರ್ಭುಜ’ ಎಂಬ, ಯಾರೂ ಲಕ್ಷ್ಯ ಕೊಡದ ಮಾತು ಇಲ್ಲಿ ದತ್ತದ ಮೂರನೆಯ ಸಾಲಾಗಿ ಕೆಲಸ ಮಾಡುತ್ತಿದೆ. C ಯಲ್ಲಿ ಗೆರೆ ತಿರುಗಿದೆಯೋ ನೇರವಾಗಿ ಹೋಗಿದೆಯೋ ಎಂಬುದರ ಮೇಲೆ ಇಡೀ ಫಲಿತಾಂಶ ನಿಂತಿದೆ. ಪುಸ್ತಕದ ಬಾಗಿದ ಪುಟದ ಬಗ್ಗೆ ಮೊದಲೇ ಎಚ್ಚರಿಸಿದ್ದು ಇದಕ್ಕಾಗಿ: ನಡುಹೊಲಿಗೆಯ ಬಳಿ ತೆಗೆದ ಫೋಟೋದಲ್ಲಿ ನೇರವಾದ BCD ತಿರುಗಿದಂತೆ ಕಾಣಬಹುದು, ಆಗ ಸುಳ್ಳು ಸಂಗತಿಯೊಂದನ್ನು ಸಾಧಿಸಲು ಇಡೀ ಸಂಜೆ ಹೋದೀತು.

ಇದು ತಿಳಿದ ಮೇಲೆ ಹುಡುಗಿಯ ಹಳೆಯ ಸಾಧನೆಯನ್ನೂ ರಿಪೇರಿ ಮಾಡಬಹುದು. ಎರಡು ಬಾಹು ಮತ್ತು ನಡುವಲ್ಲದ ಕೋನ ಸಮವಾಗಿದ್ದರೆ ಎರಡೇ ಸಾಧ್ಯತೆ: ತ್ರಿಭುಜಗಳು ಸರ್ವಸಮ, ಇಲ್ಲವೇ ಹಗ್ಗ ನೆಲ ಮುಟ್ಟುವಲ್ಲಿನ ಎರಡು ಕೋನಗಳ ಮೊತ್ತ 180 ಡಿಗ್ರಿ. ಎರಡನೆಯದಾದರೆ ∠ACB + ∠ACD = 180°, ಅಂದರೆ BCD ಸರಳರೇಖೆ, ಅಂದರೆ ಚತುರ್ಭುಜವೇ ಅಲ್ಲ. ಹಾಗಾಗಿ ಮೊದಲನೆಯದೇ ಉಳಿಯುತ್ತದೆ. ಸಾಧನೆ ಸರಿಯಾಯಿತು, ಆದರೆ ‘ಎರಡೇ ಸಾಧ್ಯತೆ’ ಎಂಬುದನ್ನು ಬೇರೆಯಾಗಿ ತೋರಿಸಬೇಕಾದ ಹೊರೆ ಬಂತು. ಪರೀಕ್ಷೆಯಲ್ಲಿ BD ಯ ದಾರಿಯೇ ವಾಸಿ.

ಮಾರನೆಯ ದಿನ ಮಳೆ ಇನ್ನೂ ಬಿಟ್ಟಿರಲಿಲ್ಲ. ಅವಳೇ ಬರೆದ ಒಂದು ಚಿತ್ರ ಬಂತು, ಈ ಸಲ ಮೊಬೈಲನ್ನು ನೇರ ಮೇಲಿನಿಂದ ಹಿಡಿದು ತೆಗೆದದ್ದು. C ಯನ್ನು ABD ತ್ರಿಭುಜದ ಒಳಗೆ ತಳ್ಳಿದ್ದಳು. ಚತುರ್ಭುಜ ಬಾಣದ ಮೊನೆಯಂತಾಗಿತ್ತು. “ಇಲ್ಲಿ ∠ABC ಯಿಂದ ∠ABD ಕಳೆಯಲು ಆಗುವುದಿಲ್ಲ ಟೀಚರ್, ∠ABD ಯೇ ದೊಡ್ಡದು. ಸಾಧನೆ ಕೆಟ್ಟಿತೇ?” ಒಳ್ಳೆಯ ಪ್ರಶ್ನೆ, ಏಕೆಂದರೆ ನನ್ನ ಸಾಧನೆ ಸದ್ದಿಲ್ಲದೆ C ಯು BD ಯ ಆಚೆ ಬದಿಗಿದೆ ಎಂದುಕೊಂಡಿತ್ತು. ಉತ್ತರವನ್ನು ಅವಳಿಂದಲೇ ಬರೆಸಿದೆ: (1) ರಿಂದ (2) ನ್ನು ಕಳೆ. ∠ABD − ∠ABC = ∠ADB − ∠ADC, ಅಂದರೆ ಮತ್ತೆ ∠CBD = ∠CDB. ಕೊನೆಯ ಎರಡು ಸಾಲು ಹಾಗೆಯೇ. ಇನ್ನು ಒಳಗೆ ತಳ್ಳಿದ್ದು C ಯ ಬದಲು A ಯಾಗಿದ್ದರೆ ಕಳೆಯುವ ಬದಲು ಕೂಡಬೇಕು ಎಂದು ಬರೆದು ಕಳುಹಿಸುವಷ್ಟರಲ್ಲಿ ಅವಳ ಕಡೆ ಸಿಗ್ನಲ್ ಹೋಗಿತ್ತು. ಸಂಜೆ ಬಂದಾಗ ಆ ಚಿತ್ರವನ್ನೂ ಬರೆದಿಟ್ಟಿದ್ದಳು, ಮೂರು ಅಕ್ಷರಗಳ ಕೋನಗಳೊಂದಿಗೆ.